ಮಿಸ್ತ್ರಿ ಬಿಟ್ಟು ಹೋದರೆ?

ಗಂಗಾವತಿಯ ಸಾಹುಕಾರರ ಮುಂದೆ ಹೋಗಿ ಕೂಡುವ ಮೊದಲು ನಾವು ಹನ್ನೆರಡು ದಿನ ತಾಲೀಮು ಮಾಡಿದೆವು. ದಿನಾ ಬೆಳಿಗ್ಗೆ ಐದಕ್ಕೆ ಆರಂಭ, ಆರಕ್ಕೆ ಮುಕ್ತಾಯ. ಹದಿಮೂರನೆಯ ದಿನ ನಾನು ಎಲ್ಲ ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟೆ. ಆ ದಿನದ ಲೆಕ್ಕ ಇನ್ನೂ ನನಗೆ ಸರಿಹೋಗಿಲ್ಲ.

ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಾನು ಕೊಪ್ಪಳದ ಒಂದು ಶೇಂಗಾ ವ್ಯಾಪಾರದ ಅಂಗಡಿಯಲ್ಲಿ ತೂಕದ ಗುಮಾಸ್ತನಾಗಿದ್ದೆ. ನಾನು ಕಲಿತದ್ದು ಗದಗಿನ ಕಡೆಯ ಒಂದು ಬೋರ್ಡಿಂಗಿನಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಅಳುವುದಕ್ಕೂ ಪ್ರಾರ್ಥನೆಯ ನಂತರದ ಕಾಲು ಗಂಟೆ ಬಿಟ್ಟರೆ ಬೇರೆ ಹೊತ್ತಿರಲಿಲ್ಲ. ಆ ಶಿಸ್ತು ಮೈಗೆ ಹತ್ತಿಬಿಟ್ಟಿತ್ತು. ಅದಕ್ಕೇ ನನ್ನ ಗೆಳೆಯ ನನ್ನನ್ನು ‘ಗಂಟಿ ಮಾಸ್ತರ’ ಎಂದು ಕರೆಯುತ್ತಿದ್ದ.

ಆ ಗೆಳೆಯ ಸ್ಟೇಷನ್ನಿನ ಹತ್ತಿರದ ಶೇಂಗಾ ಗಿರಣಿಯಲ್ಲಿ ಇಂಜಿನ್ ಮಿಸ್ತ್ರಿ. ಕಮ್ಮಾರಿಕೆಯ ಮನೆತನದವನು. ಅವನ ಅಪ್ಪ ಕುಲುಮೆಯಲ್ಲಿ ಕುಡಗೋಲು ಬಡಿಯುತ್ತಿದ್ದ. ಇವನು ಹತ್ತು ವರ್ಷದವನಿದ್ದಾಗಲೇ ಹೊಸಪೇಟೆಗೆ ಹೋಗಿ, ಇಂಜಿನ್ನುಗಳ ಸಂಗಡ ಬೆಳೆದು ಬಂದವನು. ಗಿರಣಿಯ ಹೊರಗೆ ನಿಂತು ಬೀಡಿ ಸೇದುತ್ತಲೇ, ಒಳಗೆ ಮಷಿನ್ನಿನಲ್ಲಿ ಕಾಳು ಒಡೆಯುತ್ತಿದೆಯೋ ಇಡಿಯಾಗಿ ಬೀಳುತ್ತಿದೆಯೋ ಸಪ್ಪಳದ ಮೇಲೆ ಹೇಳುತ್ತಿದ್ದ. ನಾನು ಅದನ್ನು ಪರೀಕ್ಷೆ ಮಾಡಿ ನೋಡಿದ್ದೆ. ತಪ್ಪಿದ್ದು ಕಾಣಲಿಲ್ಲ.

ಕುಷ್ಟಗಿಯಲ್ಲಿ ಒಂದು ಶೇಂಗಾ ಒಡೆಯುವ ಗಿರಣಿ ಹಾಕಬೇಕು ಎನ್ನುವ ವಿಚಾರ ಅವನ ತಲೆಯಲ್ಲಿ ಹುಟ್ಟಿದ್ದು. ಇದನ್ನು ನಾನು ಮೊದಲೇ ಹೇಳಿಬಿಡಬೇಕು. ನಾನು ದಿನಾ ಕುಷ್ಟಗಿ ಕಡೆಯ ಬಂಡಿಗಳ ಕಾಯಿ ತೂಗುತ್ತಿದ್ದೆ, ಆದರೆ ನನಗೆ ಹೊಳೆದಿರಲಿಲ್ಲ. ಒಂದು ದಿನ ಅವನು ಕಾಯಿಯ ಚೀಲದ ಮೇಲೆ ಕೈಯಿಟ್ಟು, “ಮಾಸ್ತರ, ಇದರಾಗ ನೂರು ಸೇರು ಕಾಯಿಗೆ ಬೀಜ ಎಷ್ಟ ಬರ್ತಾವ?” ಎಂದ.

“ಎಪ್ಪತ್ತರ ಆಸುಪಾಸು.”

“ಉಳದ ಮೂವತ್ತು?”

“ಸಿಪ್ಪಿ.”

“ಹಂಗಾರ ಹತ್ತು ಬಂಡಿ ಬಂದ್ರ ಮೂರು ಬಂಡಿ ಬರೇ ಸಿಪ್ಪಿ ಹೊತ್ಕೊಂಡು ಎರಡು ದಿನದ ಹಾದಿ ನಡದು ಬರ್ತಾವು. ಎತ್ತುಗೂಳಿಗೆ ಬಾಯಿ ಇದ್ರ ನಮಗ ಉಗಳ್ತಿದ್ವು.”

ಇಷ್ಟೇ ಅದರ ತಿರುಳು. ರೈತ ಕುಷ್ಟಗಿಯಲ್ಲೇ ಕಾಯಿ ಒಡೆಸಿ, ಬರೀ ಬೀಜವನ್ನು ರೈಲಿಗೆ ತಂದರೆ ಬಂಡಿ ಬಾಡಿಗೆಯಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ ಉಳಿಯುತ್ತದೆ. ಕೈಯಲ್ಲಿ ಒಡೆಯುವವರು ಕಾಯಿಗೆ ನೀರು ಚಿಮುಕಿಸಿ ಒಡೆಯುತ್ತಿದ್ದರು. ಆ ಬೀಜ ಬೂಸಲು ಹಿಡಿದು ಅರ್ಧ ಬೆಲೆಗೆ ಹೋಗುತ್ತಿತ್ತು. ಮಷಿನ್ನು ಒಣ ಕಾಯಿಯನ್ನೇ ಒಡೆಯುತ್ತದೆ. ಕುಷ್ಟಗಿಯಲ್ಲಿ ರಸ್ತೆಯ ಪಕ್ಕ ನಮ್ಮಪ್ಪನ ಜಾಗ ಇತ್ತು. ಕೆಲಸ ಅವನಿಗೆ ಗೊತ್ತಿತ್ತು. ಬೇಕಾದದ್ದು ಇಂಜಿನ್ನು, ಮಷಿನ್ನು, ತಗಡಿನ ಚಾವಣಿಗೆ ಹಣ ಹಾಕುವ ಒಬ್ಬ ಸಾಹುಕಾರ.

ಪಾಲು ಹೀಗೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ರೂಪಾಯಿಗೆ ಹದಿನಾರಾಣೆಯಲ್ಲಿ ಸಾಹುಕಾರರಿಗೆ ಎಂಟಾಣೆ, ನನಗೆ ನಾಕಾಣೆ, ಮಿಸ್ತ್ರಿಗೆ ನಾಕಾಣೆ. ಆ ನಾಕಾಣೆಯ ಮಾತು ಬಂದಾಗಲೆಲ್ಲ ಅವನ ಮುಖ ಬೇರೆಯಾಗುತ್ತಿತ್ತು. “ನಮ್ಮ ಮನಿತನದಾಗ ಕೂಲಿ ತಗೊಂಡವರ ಎಲ್ಲಾರೂ. ಪಾಲು ತಗೊಂಡವ ನಾನ ಮೊದಲನೇದವ ಆಗ್ತೀನಿ ನೋಡು,” ಎನ್ನುತ್ತಿದ್ದ. ಅವನು ಕೇಳಿದ್ದು ಅಷ್ಟೇ.

ನನ್ನ ಸೋದರಮಾವ ಕೊಪ್ಪಳದಲ್ಲಿಯೇ ಇದ್ದ. ಮೂವತ್ತು ವರ್ಷ ಒಂದು ದಲಾಲಿ ಅಂಗಡಿಯ ಗಾದಿಯ ಹಿಂದೆ ಕೂತು ಬರೆದವನು. ಗಾದಿಯ ಮುಂದೆ ಬಂದು ದುಡ್ಡು ಕೇಳಿದವರನ್ನು, ಕೊಡದೆ ಕಳಿಸಿದ ರೀತಿಗಳನ್ನು ಅವನಷ್ಟು ಕಂಡವರು ಊರಲ್ಲಿ ಇರಲಿಲ್ಲ. ಅವನ ಹತ್ತಿರ ಹೋಗಿ ಹೇಳಿದೆವು. ಅವನು ಎಲ್ಲ ಕೇಳಿ, “ಧಂದೆ ಛಲೋ ಐತಿ. ನೀವಿಬ್ಬರೂ ಛಲೋ ಇಲ್ಲ,” ಎಂದ.

“ಯಾಕ ಮಾವಾ?”

“ಈಗ ಹೇಳಿದ್ರಲ್ಲ, ಹಿಂಗ ಹೇಳಿದ್ರ ಸಾಹುಕಾರ ಚಾ ಕುಡಿಸಿ ಕಳಸ್ತಾನ. ದುಡ್ಡಿದ್ದವ ಲಾಭದ ಮಾತು ಅರ್ಧ ಕಿವಿಲೇ ಕೇಳ್ತಾನ. ದುಡ್ಡು ಯಾವ ತೂತಿನ್ಯಾಗ ಸೋರತೈತಿ, ಅದನ್ನ ಹುಡಕ್ತಾನ. ನಾಳಿ ಬೆಳಿಗ್ಗಿ ಬರ್ರಿ. ನಾ ಸಾಹುಕಾರ ಆಗ್ತೀನಿ.”

ಹೀಗೆ ತಾಲೀಮು ಆರಂಭವಾಯಿತು. ಮಾವನ ಹಿತ್ತಲಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ಮಾವ ಹೊಟ್ಟಿನ ಚೀಲಕ್ಕೆ ಒರಗಿ ಸಾಹುಕಾರನಾಗಿ ಕೂಡುತ್ತಿದ್ದ. ನಾನೂ ಮಿಸ್ತ್ರಿಯೂ ಎದುರಿಗೆ ಚಾಪೆಯ ಮೇಲೆ. ನಾನು ಒಂದು ನೋಟುಬುಕ್ಕು ಹೊಲಿಸಿ ಪ್ರತಿ ಹಾಳೆಯ ನಡುವೆ ಗೆರೆ ಎಳೆದಿದ್ದೆ. ಎಡಕ್ಕೆ ‘ಬೀಳುವ ಉತ್ತರ’, ಬಲಕ್ಕೆ ‘ನಿಲ್ಲುವ ಉತ್ತರ’.

ಮೊದಲನೆಯ ದಿನ ಎಡಭಾಗ ಮಾತ್ರ ತುಂಬಿತು.

“ಮಳಿ ಆಗಲಿಲ್ಲಂದ್ರ?” ಎಂದು ಮಾವ ಕೇಳಿದ.

ನಾನು, “ದೇವರು ಕೈಬಿಡೂದಿಲ್ರಿ,” ಎಂದೆ.

ಮಾವ ಕೈಮುಗಿದು ಎದ್ದೇ ಬಿಟ್ಟ. “ಹಂಗಾರ ಗುಡೀಗೆ ಹೋಗಿ ದುಡ್ಡು ಕೇಳಪಾ. ನನ್ನ ಕಡಿ ಯಾಕ ಬಂದಿ?”

ಮಿಸ್ತ್ರಿ ಬಿದ್ದು ಬಿದ್ದು ನಕ್ಕ. ಅದಕ್ಕೆ ನಿಲ್ಲುವ ಉತ್ತರ ಹುಡುಕಿದವನೂ ಅವನೇ. ಮರುದಿನ ನಾನು ಹೇಳಿದೆ: “ಮಳಿ ಕಡಿಮಿ ಆದ ವರ್ಷ ಶೇಂಗಾ ಕಡಿಮಿ ಬರತೈತ್ರಿ, ಹೌದು. ಆದ್ರ ಅದ ಇಂಜಿನ್ನಿನ ಪಟ್ಟಾ ಬದಲ ಮಾಡಿ ಹಿಟ್ಟಿನ ಕಲ್ಲು ತಿರಗಸ್ತೀವಿ. ಶೇಂಗಾ ಇರದಿದ್ರೂ ಮಂದಿ ಜೋಳದ ರೊಟ್ಟಿ ತಿನ್ನಬೇಕಲ್ರಿ. ಸುಗ್ಗಿ ಮುಗದ ಮ್ಯಾಲ ಬ್ಯಾಸಿಗಿ ತಿಂಗಳಾಗೂ ಅದ ಕಲ್ಲು ನಡೀತೈತಿ. ಆಳು ಇಬ್ಬರನ್ನಷ್ಟ ಇಟ್ಕೋತೀವಿ.”

ಮಾವ ತಲೆ ಆಡಿಸಿದ. “ಈಗ ತೂತು ಮುಚ್ಚಿದಿ. ಅದರಾಗೂ ‘ಹೌದು’ ಅಂತ ಮೊದಲ ಒಪ್ಪಿಕೊಂಡಿದ್ದು ಭಾಳ ಛಲೋ. ಕೆಟ್ಟದ್ದನ್ನ ನೀನ ಮೊದಲ ಹೇಳಿದ್ರ ಅವ ಹುಡಕೂದು ಬಿಡ್ತಾನ.” ನಾನು ಅದನ್ನೂ ಬರೆದುಕೊಂಡೆ.

ಎರಡನೆಯದು ಎದುರಾಳಿಯ ಪ್ರಶ್ನೆ. “ಕೊಪ್ಪಳದ ದೊಡ್ಡ ಗಿರಣಿಯವ್ರು ನಿಮ್ಮನ್ನ ಮುಳಗಸಾಕ ಒಡಿಯೂ ದರ ಅರ್ಧಕ್ಕ ಇಳಿಸಿದ್ರ?”

ಬೀಳುವ ಉತ್ತರ ಮಿಸ್ತ್ರಿಯದು: “ಅವ್ರಿಗೆ ಕೆಲಸಾನ ಬರೂದಿಲ್ರಿ, ನಾನ ಅಲ್ಲೆ ಅದೀನಿ, ನನಗ ಗೊತ್ತೈತಿ.”

“ಇಂದು ಆ ಮಾಲಕನ್ನ ಬೈದವ, ನಾಳಿ ನನ್ನೂ ಬೈತಾನ,” ಎಂದ ಮಾವ, ಸಾಹುಕಾರನ ದನಿಯಲ್ಲಿಯೇ. “ಉಣ್ಣೂ ಮನಿ ಸುದ್ದಿ ಹೊರಗ ಹಾಕವನ ಕೈಯಾಗ ನಾ ದುಡ್ಡು ಕೊಡ್ಲೇನು?”

ನಿಲ್ಲುವ ಉತ್ತರ: “ಅವ್ರು ಪುಕ್ಕಟೆ ಒಡದು ಕೊಟ್ರೂ ರೈತ ಸಿಪ್ಪಿ ಹೊತ್ಕೊಂಡು ಎರಡು ದಿನ ಬರಬೇಕ್ರಿ. ದರ ಇಳಸಬಹುದು, ಹಾದಿ ಇಳಸಾಕ ಆಗೂದಿಲ್ರಿ.” ಇದನ್ನು ಹೇಳಿದ ದಿನ ಮಾವ ಚೀಲ ಬಿಟ್ಟು ನೆಟ್ಟಗೆ ಕೂತ.

ಸ್ವಂತದ್ದೇನು ಹಾಕುತ್ತೀರಿ ಎಂಬ ಪ್ರಶ್ನೆಗೆ ನಾನು “ನಮ್ಮ ದುಡಿಮಿ ಅಷ್ಟರಿ” ಎಂದಿದ್ದೆ. ದುಡಿಮೆ ಎತ್ತೂ ಮಾಡುತ್ತದೆ ಎಂದು ಮಾವ ಹೊಡೆದು ಹಾಕಿದ. ಕೊನೆಗೆ ನಿಂತದ್ದು ಇದು: ಜಾಗ ನಮ್ಮದು, ಸಾಹುಕಾರರು ಹಾಕಿದ್ದು ಪೂರಾ ತಿರುಗಿ ಬರುವತನಕ ನಾವಿಬ್ಬರೂ ಪಾಲು ಮುಟ್ಟುವುದಿಲ್ಲ, ಮನೆ ನಡೆಯುವಷ್ಟು ಮಾತ್ರ ತೆಗೆದುಕೊಳ್ಳುತ್ತೇವೆ. ಅದನ್ನು ಹೇಳುವ ಮೊದಲು ನಾನು ಮನೆಯಲ್ಲಿ ಹೆಂಡತಿಯನ್ನು ಕೇಳಬೇಕಾಯಿತು. ಮಿಸ್ತ್ರಿಯೂ ಕೇಳಿಕೊಂಡು ಬಂದ. ಬೇರೆಯವರ ಹೊಟ್ಟೆಯ ಮೇಲೆ ಉತ್ತರ ಕಟ್ಟಬಾರದು ಎಂಬುದು ನಮ್ಮ ಕರಾರಾಗಿತ್ತು. ಇದನ್ನು ಬರೆಯುವಾಗ ನನ್ನ ಕೈ ತುಸು ನಿಲ್ಲುತ್ತದೆ.

ಗೊತ್ತಿಲ್ಲದ್ದನ್ನು ಕೇಳಿದಾಗ ಏನು ಮಾಡಬೇಕೆಂಬುದಕ್ಕೂ ಒಂದು ದಿನ ಹೋಯಿತು. ಇಂಜಿನ್ನಿನ ಎಣ್ಣೆಯ ದರ ಮುಂದಿನ ವರ್ಷ ಏನಿರುತ್ತದೆ ಎಂದು ಮಾವ ಕೇಳಿದಾಗ ನಾನು ಬಾಯಿಗೆ ಬಂದ ಒಂದು ಅಂಕಿ ಹೇಳಿದೆ. ಮಾವ ಅದನ್ನೇ ಹಿಡಿದು ಇನ್ನೂ ಐದು ಪ್ರಶ್ನೆ ಕೇಳಿ, ನನ್ನನ್ನು ಸುಳ್ಳಿನ ಮೇಲೆ ಸುಳ್ಳು ಹೇಳಿಸಿ, ಕೊನೆಗೆ “ಇನ್ನ ಮಳಿ ಉತ್ತರಾನೂ ನಾ ನಂಬೂದಿಲ್ಲ ನೋಡು,” ಎಂದ. ನಿಲ್ಲುವ ಉತ್ತರ ಬಹಳ ಚಿಕ್ಕದು: “ಅದು ಗೊತ್ತಿಲ್ರಿ. ಹೊಸಪೇಟಿ ಡಿಪೋದಾಗ ಕೇಳಿ ಮಂಗಳವಾರ ಬಂದು ಹೇಳ್ತೀನಿ.” ವಾರ ಹೇಳಬೇಕು, ಆ ವಾರಕ್ಕೆ ಹೋಗಲೇಬೇಕು.

ಆರನೆಯ ದಿನ ಮಾವ ಮಿಸ್ತ್ರಿಯ ಕಡೆ ನೋಡದೆ ನನ್ನನ್ನು ಕೇಳಿದ: “ಮಿಸ್ತ್ರಿ ಬಿಟ್ಟು ಹೋದ್ರ?”

“ಹೋಗೂದಿಲ್ರಿ. ನನ್ನ ಜೀವದ ಗೆಳೆಯಾ ಅವ.”

“ಜಡ್ಡಿಗೆ ಬಿದ್ರ? ಗೆಳೆತನಕ್ಕ ಜ್ವರ ಬರೂದಿಲ್ಲೇನು? ಸುಗ್ಗಿ ನಡುವ ಹದಿನೈದು ದಿನ ಇಂಜಿನ್ ನಿಂತ್ರ ಕಾಯಿ ಎಲ್ಲಾ ಕೊಪ್ಪಳಕ್ಕ ಹೊಳ್ಳಿ ಹೊಕ್ಕಾವು. ಒಬ್ಬ ಮನಷ್ಯಾನ ಮ್ಯಾಲ ನಿಂತ ಧಂದಿಗೆ ನಾ ದುಡ್ಡು ಹಾಕೂದಿಲ್ಲಪಾ.”

ಆ ದಿನ ಆರಕ್ಕೆ ಮುಗಿಯಲಿಲ್ಲ, ಆರೂಕಾಲಾಯಿತು. ಆಗ ಮಿಸ್ತ್ರಿಯೇ ಹೇಳಿದ: “ನನಗ ಗೊತ್ತಿದ್ದದ್ದೆಲ್ಲಾ ನಿನಗ ಹೇಳ್ತೀನಿ, ನೀ ಬರಕೊ ಮಾಸ್ತರ. ನನ್ನ ಕೈಕೆಳಗಿನ ಇಬ್ಬರು ಆಳಿಗೂ ಕಲಸ್ತೀನಿ. ನಾ ಇಲ್ಲದಿದ್ರೂ ಇಂಜಿನ್ ನಿಂದ್ರಬಾರದು.”

ಮುಂದಿನ ನಾಲ್ಕು ದಿನ ತಾಲೀಮಿನ ನಂತರ ಅವನು ಹೇಳುತ್ತಿದ್ದ, ನಾನು ಬೇರೆ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಇಂಜಿನ್ನಿನ ತಲೆಯನ್ನು ದೀಪದಿಂದ ಎಷ್ಟು ಹೊತ್ತು ಕಾಯಿಸಬೇಕು, ಯಾವ ಕೆಂಪಿಗೆ ಬಂದ ಮೇಲೆ ಗಾಲಿ ತಿರುಗಿಸಬೇಕು. ಮಷಿನ್ನಿನ ಉರುಳೆಗೂ ಕೆಳಗಿನ ಜಾಲರಿಗೂ ನಡುವೆ ಸಂದು ಎಷ್ಟಿರಬೇಕು. ಸಣ್ಣ ಕಾಯಿಗೆ ಎಷ್ಟು, ದಪ್ಪ ಕಾಯಿಗೆ ಎಷ್ಟು. ಸಂದು ಕಡಿಮೆಯಾದರೆ ಕಾಳು ಒಡೆಯುತ್ತದೆ, ಹೆಚ್ಚಾದರೆ ಕಾಯಿ ಹಾಗೇ ಬೀಳುತ್ತದೆ. ಸಪ್ಪಳದ ವಿಷಯವನ್ನೂ ನಾನು ಬಿಡಲಿಲ್ಲ. “ಕಾಳು ಒಡ್ಯಾಕ ಹತ್ತಿದ್ರ ಸಪ್ಪಳ ಹೆಂಗ?” ಎಂದು ಪೀಡಿಸಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡವನಂತೆ ಕೂತು, “ಹುರದ ಕಡ್ಲಿ ತಿಂದಂಗ. ಇಡೀ ಬಿದ್ರ ಆಲಿಕಲ್ಲು ಬಿದ್ದಂಗ,” ಎಂದ. ಬರೆದೆ. ಅವನ ಕಿವಿಯೂ ಹಾಳೆಗೆ ಬಂತು.

ಹತ್ತನೆಯ ದಿನ ನಾನು ನಿಲ್ಲುವ ಉತ್ತರವನ್ನು ಒಪ್ಪಿಸಿದೆ: “ಮಿಸ್ತ್ರಿ ಬಿಟ್ಟು ಹೋದ್ರೂ ಗಿರಣಿ ನಿಂದ್ರೂದಿಲ್ರಿ. ಅವನ ಕೆಲಸ ಎಲ್ಲಾ ಬರದಿಟ್ಟೀವಿ. ಇಬ್ಬರು ಆಳು ಕಲತಾರ. ಈ ಧಂದೆ ಒಬ್ಬ ಮನಷ್ಯಾನ ಮ್ಯಾಲ ನಿಂತಿಲ್ರಿ.”

ಮಾವ “ಶಾಭಾಶ್!” ಎಂದ. ಮಿಸ್ತ್ರಿ ಬೀಡಿ ಹಚ್ಚುತ್ತಾ, “ನೋಡ್ರಿ ಮಾವಾ, ನಾ ಸಾಯೂ ಮೊದಲ ನನ್ನ ದಿನಾ ಮಾಡಿ ಮುಗಿಸಿದ ಮಾಸ್ತರ,” ಎಂದ. ಎಲ್ಲರೂ ನಕ್ಕೆವು. ಅವನೇ ಹೆಚ್ಚು ನಕ್ಕ.

ಕೊನೆಯ ಎರಡು ದಿನ ಮಾವ ಎರಡು ಪಾಠ ಹೇಳಿದ. ಒಂದು, ಮಾತಾಡುವವನು ಒಬ್ಬನೇ ಇರಬೇಕು. ಇಬ್ಬರು ಬಾಯಿ ಹಾಕಿದರೆ ಜಗಳದಂತೆ ಕಾಣುತ್ತದೆ. “ಮಿಸ್ತ್ರೀ, ಇಂಜಿನ್ನಿನ ಮಾತು ನಿನ್ನ ಕೇಳಿದ್ರ ಅಷ್ಟ ಬಾಯಿ ತಗಿ.” ಎರಡನೆಯದು, ಸಾಹುಕಾರ ಹೊಸ ಷರತ್ತು ಹಾಕಿದರೆ ಅಲ್ಲೇ ಹೂಂ ಅನ್ನಬಾರದು, ಉಹೂಂ ಅನ್ನಲೂಬಾರದು. “ಮನ್ಯಾಗ ಮಾತಾಡಿ ನಾಳಿ ಬರ್ತೀವ್ರಿ” ಎಂದು ಎದ್ದು ಬರಬೇಕು. “ವೀಳ್ಯದ ತಟ್ಟಿ ಮುಂದ ಬಂದ್ರ ಕೈ ಹಿಂದ ಇರಲಿ. ಎಲಿ ತಗೊಂಡಿ ಅಂದ್ರ ಮುಗೀತು.” ನಮ್ಮ ಕಡೆಯ ವ್ಯಾಪಾರದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಮಾತು ಮುಗಿದ ಮೇಲೆ ಸಾಹುಕಾರ ಕೊಟ್ಟ ಎಲೆ ಅಡಿಕೆ ತೆಗೆದುಕೊಂಡರೆ ಒಪ್ಪಿದಂತೆ. ಕಾಗದ ಆಮೇಲೆ ಉರ್ದುವಿನಲ್ಲಿ ಬರೆಸಿದರೂ ಆ ಕಾಗದಕ್ಕೆ ಜೀವ ಬರುವುದು ಎಲೆಯಿಂದಲೇ.

ಹದಿಮೂರನೆಯ ದಿನ ಬೆಳಗಿನ ಮೋಟಾರಿಗೆ ಗಂಗಾವತಿಗೆ ಹೋದೆವು. ಮಿಸ್ತ್ರಿ ಒಗೆದ ಧೋತ್ರ ಉಟ್ಟಿದ್ದ, ತಲೆಗೆ ಹೊಸ ರುಮಾಲು. ಉಗುರಿನ ಸಂದಿಯ ಎಣ್ಣೆ ಕರೆ ತೆಗೆಯಲು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬೆರಳು ಕೆಂಪಗೆ ಮಾಡಿಕೊಂಡಿದ್ದ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬಾಯಿ ತೆರೆಯಬೇಡ ಎಂದರೆ ಅವನು ಮೋಟಾರಿನಿಂದಲೇ ಆರಂಭಿಸಿದ್ದ.

ಸಾಹುಕಾರರು ಭತ್ತದ ವ್ಯಾಪಾರದಲ್ಲಿ ಹೆಸರಾದವರು. ಎಪ್ಪತ್ತರ ಹತ್ತಿರ ವಯಸ್ಸು, ಮೆಲ್ಲಗಿನ ದನಿ. ಮಾವನಂತೆ ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. “ಊಟ ಆಗೈತೇನ್ರಪಾ?” ಎಂದು ಕೇಳಿದರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತರು. ಮಾವ ಈ ಸುಮ್ಮನೆ ಕೂಡುವುದನ್ನೂ ತಾಲೀಮು ಮಾಡಿಸಿದ್ದ. ನಾನು ತುಂಬಿಸಲು ಹೋಗದೆ ಕಾದೆ.

ಪ್ರಶ್ನೆಗಳು ನಮ್ಮ ಅನುಕ್ರಮದಲ್ಲಿ ಬರಲಿಲ್ಲ, ಆದರೆ ಎಲ್ಲವೂ ನಮ್ಮ ನೋಟುಬುಕ್ಕಿನಲ್ಲಿ ಇದ್ದವೇ. ಮೊದಲು ಕೊಪ್ಪಳದ ಗಿರಣಿ. “ದರ ಇಳಸಬಹುದು, ಹಾದಿ ಇಳಸಾಕ ಆಗೂದಿಲ್ರಿ” ಎಂದಾಗ ಅವರ ಕಣ್ಣಲ್ಲಿ ನಗೆ ಬಂದು ಹೋಯಿತು. ಆಮೇಲೆ ಮಳೆ, ಆಮೇಲೆ ಜಾಗ. ಎಣ್ಣೆ ದರಕ್ಕೆ ಗೊತ್ತಿಲ್ಲ ಎಂದೆ, ವಾರ ಹೇಳಿದೆ. ಇಂಜಿನ್ನಿನ ಒಂದು ಮಾತು ಮಿಸ್ತ್ರಿಯನ್ನೇ ಕೇಳಿದರು. ಅವನು ಎರಡೇ ವಾಕ್ಯದಲ್ಲಿ ಹೇಳಿ ಬಾಯಿ ಮುಚ್ಚಿದ. ನನಗೆ ಒಳಗೊಳಗೆ ಪರೀಕ್ಷೆಯಲ್ಲಿ ಮೊದಲು ಬಂದ ಹುರುಪು. ಪ್ರತಿ ಪ್ರಶ್ನೆಗೆ ಮನಸ್ಸಿನಲ್ಲಿಯೇ ಒಂದೊಂದು ಗೀಟು ಹಾಕುತ್ತಿದ್ದೆ.

ಕೊನೆಗೆ ಅವರು ಕೇಳಿದರು: “ಎಲ್ಲಾ ಖರೆ ತಮ್ಮಾ. ಆದ್ರ ಈ ಮಿಸ್ತ್ರಿ ಬಿಟ್ಟು ಹೋದ್ರ?”

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಒಂದು ಅಕ್ಷರ ತಪ್ಪದಂತೆ ಹೇಳಿದೆ. ಈ ಧಂದೆ ಒಬ್ಬ ಮನುಷ್ಯನ ಮೇಲೆ ನಿಂತಿಲ್ಲ ಎನ್ನುವಾಗ ಚೀಲದಿಂದ ಮಿಸ್ತ್ರಿಯ ಕೆಲಸ ಬರೆದ ಆ ನೋಟುಬುಕ್ಕು ತೆಗೆದು ಅವರ ಗಾದಿಯ ಮೇಲೆ ಇಟ್ಟೆ. ಅದನ್ನು ಇಡಬೇಕೆಂದು ಮಾವ ಹೇಳಿರಲಿಲ್ಲ. ಅದು ನನ್ನ ಸ್ವಂತ ಸೇರ್ಪಡೆ.

ಸಾಹುಕಾರರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. ಅವಸರವಿಲ್ಲದೆ ಓದಿದರು. ಆಲಿಕಲ್ಲಿನ ಮಾತು ಬಂದಲ್ಲಿ ಬೆರಳಿಟ್ಟು ನಿಂತರು.

“ಇದನ್ನ ಯಾರು ಹೇಳಿ ಬರಿಸಿದ್ರು?”

“ಮಿಸ್ತ್ರೀನ ರಿ.”

“ಪೂರಾ?”

“ಪೂರಾ ರಿ. ಏನೂ ಬಿಟ್ಟಿಲ್ಲ.”

ಅವರು ನೋಟುಬುಕ್ಕು ಮುಚ್ಚಿ ಅದರ ಮೇಲೆ ಕೈಯಿಟ್ಟರು. “ಹಂಗಾರ ಮಿಸ್ತ್ರಿ ಇದ್ರಾಗ ಬಂದ. ಇನ್ನ ಹೊರಗಿನ ಮಿಸ್ತ್ರಿಗೆ ಪಾಲು ಯಾಕಪಾ? ಪಗಾರ ಕೊಡೂನು, ಛಲೋ ಪಗಾರ. ಕುಲುಮಿಯವ್ರಿಗೆ ಗಿರಣಿಯಾಗ ಪಾಲು ಕೊಟ್ಟದ್ದು ನಾ ಎಲ್ಲೂ ಕೇಳಿಲ್ಲ. ನನಗ ಹತ್ತಾಣೆ, ನಿನಗ ಆರಾಣೆ.”

ಮೋಸದ ದನಿಯಿರಲಿಲ್ಲ. ನಾನು ಕೊಟ್ಟ ಉತ್ತರವನ್ನೇ ಅವರು ಒಂದು ಹೆಜ್ಜೆ ಮುಂದೆ ನಡೆಸಿದ್ದರು. ಅದು ಲೆಕ್ಕಕ್ಕೆ ಸರಿಯಾಗಿತ್ತು.

ನಾನು ಮಿಸ್ತ್ರಿಯ ಕಡೆ ನೋಡಿದೆ. ಅವನು ನನ್ನ ಕಡೆ ನೋಡುತ್ತಿದ್ದ. ಅವನ ಬಾಯಿ ಬಿಗಿಯಾಗಿತ್ತು. ಮಾತಾಡುವವನು ಒಬ್ಬನೇ ಇರಬೇಕು. ಆ ಒಬ್ಬ ನಾನು. ಅವನು ಕಾಯುತ್ತಿದ್ದ. “ನಾಳಿ ಬರ್ತೀವ್ರಿ” ಎನ್ನುವ ಎರಡು ಮಾತು ನನ್ನ ನಾಲಿಗೆಯ ತುದಿಯಲ್ಲಿ ಇತ್ತು. ಅದಕ್ಕೂ ಒಂದು ಹಾಳೆ ಇತ್ತು ತಾಲೀಮಿನ ನೋಟುಬುಕ್ಕಿನಲ್ಲಿ, ಬಲಭಾಗದಲ್ಲಿ, ಕೆಳಗೆ ಗೆರೆ ಎಳೆದು ಬರೆದದ್ದು.

ಅಷ್ಟರಲ್ಲಿ ತಟ್ಟೆ ಮುಂದೆ ಬಂತು. ನಾನು ಎಲೆ ತೆಗೆದುಕೊಂಡೆ.

ಕೈ ತಾನೇ ಹೋಯಿತು ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ಸುಳ್ಳು. ನಾಕಾಣೆ ಆರಾಣೆಯಾದದ್ದನ್ನು ಕೈ ಮುಂದೆ ಮಾಡುವ ಮೊದಲೇ ನಾನು ಲೆಕ್ಕ ಹಾಕಿದ್ದೆ. ತೂಕದ ಗುಮಾಸ್ತನಿಗೆ ಅದಕ್ಕೆ ಎಷ್ಟು ಹೊತ್ತು ಬೇಕು?

ತಟ್ಟೆ ಮಿಸ್ತ್ರಿಯ ಮುಂದೆಯೂ ಹೋಯಿತು. ಅವನು ಎರಡೂ ಕೈ ಜೋಡಿಸಿ, “ಹಲ್ಲು ನೋಯಾಕ ಹತ್ಯಾವ್ರಿ, ಅಡಿಕಿ ಆಗೂದಿಲ್ಲ,” ಎಂದ. ಅವನ ಹಲ್ಲು ಕಬ್ಬು ಸೀಳುವಂಥವು.

ಮೋಟಾರಿಗೆ ಇನ್ನೂ ಎರಡು ತಾಸಿತ್ತು. ಸ್ಟ್ಯಾಂಡಿನ ಗಿಡದ ಕೆಳಗೆ ಕೂತೆವು. ಎಲೆ ನನ್ನ ಬಾಯಲ್ಲಿ ಕಹಿಯಾಗಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ಇಟ್ಟುಕೊಂಡಿದ್ದೆ.

“ಪಗಾರ ಅಂದ್ರೂ ಛಲೋ ಕೊಡ್ತಾರಂತ,” ಎಂದೆ. “ಒಂದೆರಡು ವರ್ಷ ಹೋಗಲಿ, ನನ್ನ ಪಾಲಿನಾಗ ನಿನಗ—”

“ಉತ್ತರ ಛಲೋ ಹೇಳಿದಿ ಮಾಸ್ತರ,” ಎಂದ ಅವನು. “ಒಂದು ಅಕ್ಷರ ತಪ್ಪಲಿಲ್ಲ.”

“ನೀ ಒಂದು ಮಾತು ಆಡಬೇಕಾಗಿತ್ತು.”

“ನನ್ನ ಪಾಳಿ ಇರಲಿಲ್ಲ.”

ಬೀಡಿ ಹಚ್ಚಿ ಅವನೇ ಮತ್ತೆ ಹೇಳಿದ: “ಆ ಪುಸ್ತಕದಾಗ ಒಂದು ತಪ್ಪೈತಿ. ತಿದ್ಕೊ. ಸುಗ್ಗಿ ಮೊದಲನೇ ಕಾಯಿ ಪೂರಾ ಒಣಗಿರೂದಿಲ್ಲ. ಅದನ್ನ ಹಾಕೂ ಮೊದಲ ಮೂರು ದಿನ ಬಿಸಲಿಗೆ ಹರವಬೇಕು. ಕೈಯಾಗ ಅಳ್ಳಾಡಿಸಿದ್ರ ಒಳಗಿನ ಬೀಜ ಸಪ್ಪಳ ಮಾಡಬೇಕು, ಆಗ ಹಾಕಬೇಕು. ಅದನ್ನ ಹೇಳಾಕ ಮರತಿದ್ದೆ.”

ನಾನು ಚೀಲದಿಂದ ಅದನ್ನೂ ಪೆನ್ಸಿಲ್ಲನ್ನೂ ತೆಗೆದು ಬರೆದುಕೊಂಡೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಜವಾಗಿಯೂ ಅಲ್ಲಿಯೇ ಕೂತು, ಅವನ ಎದುರಿಗೆ, ಬರೆದುಕೊಂಡೆ.

ಅವನು ಕುಷ್ಟಗಿಗೆ ಬರಲಿಲ್ಲ. ಕೊಪ್ಪಳದ ಗಿರಣಿಯ ಕೆಲಸವನ್ನೂ ಆ ತಿಂಗಳೇ ಬಿಟ್ಟ. ಬೇರೆ ಗಿರಣಿ ಹಾಕುವ ಮಾತು ಮಾಲಕರ ಕಿವಿಗೆ ಬಿದ್ದಿತ್ತು, ಇಟ್ಟುಕೊಳ್ಳುತ್ತಿರಲೂ ಇಲ್ಲ. ಮಾವನಿಗೆ ನಾನೇ ಹೋಗಿ ಹೇಳಿದೆ. ಎಲ್ಲ ಕೇಳಿ, ಬೇವಿನ ಮರದ ಕೆಳಗಿನ ಚಾಪೆ ಸುತ್ತುತ್ತಾ ಅವನು ಅಂದದ್ದು ಇಷ್ಟು: “ನಾ ಹನ್ನೆರಡು ದಿನ ಸಾಹುಕಾರನ ಸೋಗು ಹಾಕಿದೆ ಅಳಿಯಾ. ನೀ ಒಂದ ದಿನದಾಗ ಸಾಹುಕಾರ ಆಗಿ ಬಂದಿ.” ಆಮೇಲೆ ಅವನು ನನ್ನ ಗಿರಣಿಯ ಕಡೆ ಒಮ್ಮೆಯೂ ಬರಲಿಲ್ಲ.

ಇದನ್ನು ಓದುವವರು, ಮಿಸ್ತ್ರಿಯಿಲ್ಲದೆ ಗಿರಣಿ ಕೆಟ್ಟಿತು ಎಂದು ಕಾಯುತ್ತಿರಬಹುದು. ಕೆಡಲಿಲ್ಲ. ಅವನು ಕಲಿಸಿದ ಇಬ್ಬರು ಆಳುಗಳಲ್ಲಿ ಒಬ್ಬ ಬಂದ. ನೋಟುಬುಕ್ಕನ್ನು ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೆವು. ಬೆಳಿಗ್ಗೆ ಏಳಕ್ಕೆ ದೀಪ, ಏಳೂಕಾಲಿಗೆ ಗಾಲಿ. ಮೊದಲನೆಯ ಸುಗ್ಗಿಯ ಹಸಿ ಕಾಯಿಯನ್ನು ಮೂರು ದಿನ ಹರವಿದೆವು. ಕಾಳು ಆಲಿಕಲ್ಲು ಬಿದ್ದಂತೆ ಬಿತ್ತು. ಯುದ್ಧದ ಕಾಲದಲ್ಲಿ ಎಣ್ಣೆ ಸಿಗದೆ ಕೆಲವು ತಿಂಗಳು ನಿಂತದ್ದು ಬಿಟ್ಟರೆ ಇಂಜಿನ್ನು ನಿಲ್ಲಲಿಲ್ಲ. ನಾನು ಸಾಹುಕಾರರಿಗೆ ಹೇಳಿದ್ದು ಅಕ್ಷರಶಃ ನಿಜವಾಯಿತು. ಗಿರಣಿ ಕೆಟ್ಟಿದ್ದರೆ ನನಗೆ ಒಂದು ದಾರಿಯಿತ್ತು. ಹೋಗಿ ಅವನ ಮುಂದೆ ಕೈ ಚಾಚಬಹುದಿತ್ತು. ಅದು ಕೆಡದೆ ಆ ದಾರಿಯನ್ನೂ ಮುಚ್ಚಿತು.

ಏಳೆಂಟು ವರ್ಷದ ಮೇಲೆ, ಯುದ್ಧ ಮುಗಿದ ನಂತರ, ಒಂದು ಕೆಲಸಕ್ಕೆಂದು ಯಲಬುರ್ಗಿಗೆ ಹೋದೆ. ಬಜಾರಿನಲ್ಲಿ ಹಿಟ್ಟಿನ ಗಿರಣಿಯ ಸಪ್ಪಳ ಕೇಳಿತು. ಸಪ್ಪಳದಲ್ಲಿಯೇ ನನಗೆ ಗೊತ್ತಾಯಿತು. ಅಷ್ಟು ಸರಿಯಾಗಿ ಇಂಜಿನ್ನು ಉಸಿರಾಡುವುದು ಬೇರೆ ಕೈಯಲ್ಲಿ ಸಾಧ್ಯವಿರಲಿಲ್ಲ. ಒಳಗೆ ಅವನೇ ಇದ್ದ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಗಿರಣಿ ಅವನದಲ್ಲ, ಪಗಾರದ ಕೆಲಸ.

“ಬಾ ಮಾಸ್ತರ, ಕುಂದ್ರು,” ಎಂದ, ನಿನ್ನೆ ಬಿಟ್ಟು ಹೋದವನಿಗೆ ಹೇಳಿದಂತೆ. ಚೀಲ ಝಾಡಿಸಿ ಹಾಸಿದ. ಹೆಂಡತಿ ಮಕ್ಕಳನ್ನು ಕೇಳಿದ, ಎತ್ತಿನ ಬೆಲೆ ಕೇಳಿದ. ಗಿರಣಿಯನ್ನು ಕೇಳಲಿಲ್ಲ. ನಾನು ಪಾಲಿನ ಮಾತು ತೆಗೆಯಬೇಕೆಂದು ಎಂಟು ವರ್ಷವಿಡೀ ತಾಲೀಮು ಮಾಡಿಕೊಂಡಿದ್ದೆ. ಬಾಯಿ ತೆರೆದೆ.

“ನಿನಗ ಒಂದು ಮಾತು—”

ಅವನು ಕೈ ಎತ್ತಿ ತಡೆದ. ಜೋಳದ ಚೀಲಕ್ಕೆ ಒರಗಿದ, ಮಾವ ಒರಗುತ್ತಿದ್ದ ಹಾಗೆಯೇ. ದನಿ ಮಾತ್ರ ಗಂಗಾವತಿಯ ಸಾಹುಕಾರರದು.

“ಎಲ್ಲಾ ಖರೆ ತಮ್ಮಾ. ಆದ್ರ ಮಿಸ್ತ್ರಿ ಬಿಟ್ಟು ಹೋದ್ರ?”

ನಗೆಯಾಡುತ್ತಿದ್ದಾನೆಂದು ನನಗೆ ಗೊತ್ತಿತ್ತು. ನಕ್ಕು ಬಿಟ್ಟುಬಿಡಬಹುದಿತ್ತು, ಅಥವಾ ಅಳಬಹುದಿತ್ತು. ಆದರೆ ಹನ್ನೆರಡು ದಿನ ಬೆಳಿಗ್ಗೆ ಐದಕ್ಕೆ ಎದ್ದು ಕಲಿತದ್ದು ನಾಲಿಗೆಯಲ್ಲಿ ಹಾಗೇ ಕೂತಿತ್ತು. ಪ್ರಶ್ನೆ ಬಿದ್ದ ಕೂಡಲೇ ಅದು ಎದ್ದು ನಿಂತಿತು.

“ಬಿಟ್ಟು ಹೋದ್ರೂ ಗಿರಣಿ ನಿಂದ್ರೂದಿಲ್ರಿ,” ಎಂದೆ.

“ಶಾಭಾಶ್,” ಎಂದ ಅವನು. ಎದ್ದು ಹೋಗಿ ಕಲ್ಲಿಗೆ ಇನ್ನೊಂದು ಪುಟ್ಟಿ ಜೋಳ ಸುರಿದ.